ಗಂಡಸರನ್ನು ಕಂಡರಾಗದ ನಾಯಿಗೆ ಮನೆ ಸಿಕ್ಕಿದ್ದು ಹೇಗೆ?

2021ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಮಹಿಳೆಯೊಬ್ಬರು ಫೇಸ್‌ಬುಕ್‌ನಲ್ಲಿ ನಾಯಿ ದತ್ತು ಕೊಡುವ ಜಾಹೀರಾತು ಹಾಕಿದರು. ಪ್ರಾನ್ಸರ್ ಎಂಬ ಪುಟ್ಟ ಚಿವಾವಾ ನಾಯಿಯನ್ನು ಅವರು ತಾತ್ಕಾಲಿಕವಾಗಿ ಸಾಕುತ್ತಿದ್ದರು. ಅದನ್ನು ಒಳ್ಳೆಯ ನಾಯಿ ಎಂದು ಬಿಂಬಿಸಲು ತಿಂಗಳುಗಟ್ಟಲೆ ಪ್ರಯತ್ನಪಟ್ಟು ಸೋತ ಮೇಲೆ, ಇದ್ದದ್ದನ್ನು ಇದ್ದ ಹಾಗೇ ಬರೆದುಬಿಟ್ಟರು. ಇದಕ್ಕೆ ಗಂಡಸರೆಂದರೆ ಆಗದು, ಮಕ್ಕಳೆಂದರೆ ಆಗದು, ಬೇರೆ ಪ್ರಾಣಿಗಳಂತೂ ಆಗುವುದೇ ಇಲ್ಲ. ವೃದ್ಧೆಯೊಬ್ಬರ ಮುದ್ದಿನಲ್ಲಿ ಬೆಳೆದು, ಕೊಬ್ಬಿ, ಬೆಲೆಬಾಳುವ ಸ್ವೆಟರ್ ತೊಟ್ಟು ಬಂದಿಳಿದಿತ್ತು. ಮೊದಲ ವಾರ ಹೆದರಿ ಸುಮ್ಮನಿತ್ತು, ಆಮೇಲೆ ಅದರ ನಿಜರೂಪ ಗೊತ್ತಾಯಿತು ಎಂದೆಲ್ಲ ಹಾಸ್ಯವಾಗಿ ವಿವರಿಸಿದರು. ಕೊನೆಯಲ್ಲಿ ಇದು ಒಬ್ಬರನ್ನು ನಂಬಿದರೆ ಅವರಿಗೆ ಪ್ರಾಣ ಕೊಡುತ್ತದೆ, ಮನೆಯಲ್ಲಿ ಒಂಟಿಯಾಗಿ ಬಿಟ್ಟುಹೋದರೂ ತೊಂದರೆಯಿಲ್ಲ, ಹೆಂಗಸರಷ್ಟೇ ಇರುವ ಮನೆ ಬೇಕು ಎಂದರು.

ಆ ಬರಹ ಜಗತ್ತನ್ನೇ ಸುತ್ತಿತು. ಅರ್ಜಿಗಳ ರಾಶಿ ಬಿತ್ತು. ಕನೆಕ್ಟಿಕಟ್ ರಾಜ್ಯದ, ಗಂಡಸರಿಲ್ಲದ ಮನೆಯ ಮಹಿಳೆಯೊಬ್ಬರು ಪ್ರಾನ್ಸರ್‌ನನ್ನು ಕರೆದುಕೊಂಡು ಹೋದರು.

ಜಾಹೀರಾತಿನಲ್ಲಿ ಹಾಸ್ಯ ಎಷ್ಟಿರಬೇಕು, ಕರುಣೆ ಎಷ್ಟಿರಬೇಕು ಎಂಬ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಈ ಬರಹ. ಇದರ ಪ್ರತಿಯೊಂದು ತಮಾಷೆಯಲ್ಲೂ ಒಂದು ಮಾಹಿತಿಯಿದೆ. ಹಾಸ್ಯವನ್ನು ತೆಗೆದುಹಾಕಿದರೂ ‘ಮಕ್ಕಳಿರುವ ಮನೆಗೆ ಬೇಡ’ ಎಂಬ ಮಾತು ಉಳಿಯುತ್ತದೆ. ಓದಿ ನಕ್ಕವರು ಲಕ್ಷಾಂತರ ಮಂದಿ ಇರಬಹುದು, ಆದರೆ ‘ಇದು ನಮ್ಮ ಮನೆಗೆ ಆಗುವುದಿಲ್ಲ’ ಎಂದು ಅವರಲ್ಲಿ ಬಹುಪಾಲು ಜನರಿಗೆ ಅಲ್ಲೇ ತಿಳಿಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತೇವಲ್ಲ, ದತ್ತು ಶಿಬಿರ ನಡೆಸುವವರು ಆ ಗಾದೆಯನ್ನು ಪಾಲಿಸಿದರೆ ಕಷ್ಟ ಪಡುವುದು ಬಾಯಿಲ್ಲದ ಪ್ರಾಣಿ.

ಅಳಿಸುವ ಜಾಹೀರಾತಿನ ದಾರಿ ಬೇರೆ. ಅದರ ಬಲ ಎಷ್ಟೆಂಬುದಕ್ಕೂ ಅಮೆರಿಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. 2007ರಲ್ಲಿ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ ಗಾಯಕಿ ಸಾರಾ ಮೆಕ್‌ಲಾಕ್ಲನ್ ಅವರನ್ನಿಟ್ಟುಕೊಂಡು ಟಿವಿ ಜಾಹೀರಾತು ಮಾಡಿತು. ಹಿನ್ನೆಲೆಯಲ್ಲಿ ಅವರದೇ ಶೋಕದ ಹಾಡು, ತೆರೆಯ ಮೇಲೆ ಪಂಜರದ ಸರಳುಗಳ ಹಿಂದಿನಿಂದ ನೋಡುವ, ಗಾಯಗೊಂಡ ನಾಯಿ ಬೆಕ್ಕುಗಳು. ಎರಡೇ ವರ್ಷಗಳಲ್ಲಿ ಸುಮಾರು 3 ಕೋಟಿ ಡಾಲರ್ ದೇಣಿಗೆ ಬಂತೆಂದು ವರದಿಯಾಯಿತು. ಅದೇ ಹೊತ್ತಿಗೆ, ಆ ಜಾಹೀರಾತು ಬಂದರೆ ಸಾಕು, ನೋಡಲಾಗದೆ ಚಾನೆಲ್ ಬದಲಿಸುತ್ತೇವೆ ಎನ್ನುವವರೂ ಹೆಚ್ಚಾದರು. ತಾನೂ ಬದಲಿಸುತ್ತೇನೆಂದು ಸ್ವತಃ ಗಾಯಕಿಯೇ ಹೇಳಿಕೊಂಡಿದ್ದಾರೆ.

ಒಂದು ಮುಖ ಕಂಡರೆ ಕರುಳು ಚುರ್ ಎನ್ನುತ್ತದೆ, ಅಂಕಿ ಸಂಖ್ಯೆ ಕಂಡರೆ ಅನ್ನುವುದಿಲ್ಲ. ಇದನ್ನು 2007ರಲ್ಲೇ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೊವಿಕ್ ಎಂಬ ಸಂಶೋಧಕರು ಅಳೆದು ತೋರಿಸಿದರು. ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ಅದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಒಬ್ಬಳೇ ಬಾಲಕಿಯ ಕತೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು, ಲಕ್ಷಾಂತರ ಜನರ ಅಂಕಿ ಅಂಶ ಓದಿದವರು 1.14 ಡಾಲರ್ ಮಾತ್ರ. ಹೀಗಾಗಿ ‘ನಗರದಲ್ಲಿ ಇಷ್ಟು ಸಾವಿರ ಬೀದಿನಾಯಿಗಳಿವೆ’ ಎನ್ನುವ ಬದಲು ಒಂದು ನಾಯಿಯ ಹೆಸರು ಹೇಳಿ, ಫೋಟೋ ಹಾಕುವುದು ಸರಿಯಾದ ಕ್ರಮ. ಅದರಲ್ಲಿ ಮೋಸವೇನಿಲ್ಲ.

ಮೋಸವಾಗುವುದು ಎಲ್ಲಿ ಎಂದರೆ, ದೇಣಿಗೆ ತಂದುಕೊಟ್ಟ ಆ ಅಳುವನ್ನೇ ದತ್ತು ಕೊಡುವುದಕ್ಕೂ ಬಳಸಿದಾಗ. ಕಣ್ಣು ಒದ್ದೆಯಾದ ಗಳಿಗೆಯಲ್ಲಿ ನೂರು ರೂಪಾಯಿ ಕಳಿಸಿದರೆ ಆ ಕೆಲಸ ಅಲ್ಲಿಗೆ ಮುಗಿಯಿತು. ನಾಯಿ ತಂದರೆ ಹನ್ನೆರಡು, ಹದಿನೈದು ವರ್ಷದ ಮಾತು. ಕಣ್ಣೀರು ರಾತ್ರಿ ಕಳೆಯುವುದರೊಳಗೆ ಆರುತ್ತದೆ; ಬೆಳಗ್ಗೆ ಎದ್ದರೆ ಹಾಲ್‌ನಲ್ಲಿ ಉಚ್ಚೆ, ಹರಿದ ಚಪ್ಪಲಿ, ಮನೆ ಮಾಲೀಕರ ಗೊಣಗಾಟ. ‘ಇವತ್ತು ರಾತ್ರಿಯೊಳಗೆ ಯಾರೂ ಬರದಿದ್ದರೆ ಇದರ ಗತಿ ಮುಗಿಯಿತು’ ಎಂಬ ಸಾಲು ನಿಜವಲ್ಲದಿದ್ದರಂತೂ ಅದು ಬರೀ ಬೆದರಿಕೆ. ಅಪರಾಧಿ ಭಾವದಿಂದ ತಂದ ಪ್ರಾಣಿಯನ್ನು ಆ ಭಾವ ಇಳಿದೊಡನೆ ಹಿಂದಿರುಗಿಸಲು ಮನಸ್ಸಾಗುತ್ತದೆ.

ಮುದ್ದು ಉಕ್ಕಿಸುವ ಜಾಹೀರಾತಿಗೂ ಇಂಥದೇ ಅಪಾಯವಿದೆ, ಅದರ ಅನುಭವ ನಮ್ಮ ದೇಶಕ್ಕೇ ಇದೆ. 2003ರಲ್ಲಿ ಬಂದ ಹಚ್ ಮೊಬೈಲ್ ಕಂಪನಿಯ ಜಾಹೀರಾತು ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಹುಡುಗ ಹೋದಲ್ಲೆಲ್ಲ ಪುಟುಪುಟು ಹಿಂದೆಯೇ ಬರುವ ಪಗ್ ನಾಯಿ. ಬೆಂಗಳೂರಿನ ನಿರ್ವಾಣ ಫಿಲಂಸ್‌ನ ಪ್ರಕಾಶ್ ವರ್ಮಾ ಅದನ್ನು ನಿರ್ದೇಶಿಸಿದ್ದರು. ಎಲ್ಲಿ ಹೋದರೂ ನೆಟ್‌ವರ್ಕ್ ಜೊತೆಗಿರುತ್ತದೆ ಎನ್ನುವುದಷ್ಟೇ ಅದರ ಉದ್ದೇಶ. ನಾಯಿ ಮಾರುವುದು ಯಾರ ತಲೆಯಲ್ಲೂ ಇರಲಿಲ್ಲ. ಆದರೆ ಅದು ಬಂದ ಮೇಲೆ ಪಗ್‌ಗಳಿಗೆ ದೇಶದಾದ್ಯಂತ ಬೇಡಿಕೆ ಏರಿತು. ಆ ತಳಿಯ ಮೂತಿ ಚಪ್ಪಟೆ, ಉಸಿರಾಟದ ದಾರಿ ಕಿರಿದು. ನಾಯಿಗೆ ಮೈತುಂಬ ಬೆವರುವ ಶಕ್ತಿಯಿಲ್ಲ, ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ಗೆ ಅದೇ ಕಷ್ಟ. ನಮ್ಮ ಬೇಸಿಗೆಯಲ್ಲಿ ಅದು ಗೊರಗೊರ ಎನ್ನುವುದನ್ನು ‘ಎಷ್ಟು ಮುದ್ದಾಗಿ ಗೊರಕೆ ಹೊಡೆಯುತ್ತೆ’ ಎಂದುಕೊಂಡ ಮನೆಗಳು ಎಷ್ಟಿದ್ದವೋ! ಮುಂದೆ ಪ್ರಾಣಿಪರ ಸಂಘಟನೆಗಳು ಪಗ್ ಬಳಸಬೇಡಿ ಎಂದು ಆ ಜಾಹೀರಾತುಗಳ ವಿರುದ್ಧ ದನಿ ಎತ್ತಬೇಕಾಯಿತು.

ಈಗ ನಮ್ಮೂರಿನ ದತ್ತು ಶಿಬಿರಕ್ಕೇ ಬರೋಣ. ಬೆಂಗಳೂರಿನಲ್ಲಿ ಭಾನುವಾರ ನಡೆಯುವ ಶಿಬಿರಗಳಲ್ಲಿ ಹೆಚ್ಚಿನವು ‘ಇಂಡೀ’ ಎಂದು ಕರೆಯುವ ನಾಡತಳಿಯವು. ಮರಿಗಳು ಬೇಗ ಹೋಗುತ್ತವೆ, ದೊಡ್ಡವು ಉಳಿಯುತ್ತವೆ. ಉಳಿದವುಗಳಲ್ಲಿ ಒಂದನ್ನು ಕಲ್ಪಿಸಿಕೊಳ್ಳಿ. ಕಾಳಿ ಎಂದಿಟ್ಟುಕೊಳ್ಳೋಣ: ಕಪ್ಪು ಬಣ್ಣದ ಹೆಣ್ಣು, ವಯಸ್ಸು ಮೂರು, ಅಪಘಾತದಲ್ಲಿ ಮುಂಗಾಲು ಮುರಿದು ಕೂಡಿಕೊಂಡು ಸ್ವಲ್ಪ ಕುಂಟು. ಇದಕ್ಕೊಂದು ಪೋಸ್ಟರ್ ಬೇಕು.

ಮೊದಲು ಹೊಳೆಯುವುದು ಇಂಥದ್ದು: ‘ಕಪ್ಪಗಿರುವುದೇ ನನ್ನ ತಪ್ಪಾ? ಎಲ್ಲರೂ ನನ್ನನ್ನು ಬಿಟ್ಟುಹೋದರು. ಈ ಭಾನುವಾರವೂ ಯಾರೂ ಬರದಿದ್ದರೆ...’ ಓದಿದವರಿಗೆ ಮರುಕವಾಗುತ್ತದೆ. ಆದರೆ ಕಾಳಿ ಯಾರು, ಹೇಗಿರುತ್ತಾಳೆ ಎಂಬುದು ಒಂದಿಷ್ಟೂ ತಿಳಿಯುವುದಿಲ್ಲ.

ಇನ್ನು ಕೆಲವರು ಕೂಲಿಂಗ್ ಗ್ಲಾಸ್ ಹಾಕಿಸಿ, ‘ಫ್ರೀ ಸೆಕ್ಯೂರಿಟಿ ಗಾರ್ಡ್! ಸಂಬಳ ಬೇಡ, ಊಟ ಹಾಕಿದರೆ ಸಾಕು’ ಎಂದು ಬರೆಯುತ್ತಾರೆ. ನಗು ಬರುತ್ತದೆ, ನಿಜ. ಆದರೆ ಫೋನ್ ಮಾಡುವವರು ಯಾರು? ಕಟ್ಟಡ ಕಟ್ಟುವ ಸೈಟಿನಲ್ಲಿ ಸರಪಳಿ ಹಾಕಿ ಕಟ್ಟಲು ಒಂದು ನಾಯಿ ಬೇಕಾಗಿರುವವರು. ಪೋಸ್ಟರ್ ಅವರನ್ನೇ ಕರೆದಿತ್ತು. ಫೋಟೋದಲ್ಲೂ ಎಚ್ಚರ ಬೇಕು. ಕಿವಿ ಹಿಂದಕ್ಕೆ ಅಂಟಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವ ನಾಯಿ ಹೆದರಿರುತ್ತದೆ. ನಮಗದು ತುಂಟತನದಂತೆ ಕಾಣುತ್ತದೆ. ‘ತಪ್ಪು ಮಾಡಿ ಸಿಕ್ಕಿಬಿದ್ದ ಮುಖ’ ಎಂದು ನಾವು ನಗುವ ಚಿತ್ರಗಳೂ ಹಾಗೆಯೇ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪರೀಕ್ಷಿಸಿ ನೋಡಿದಾಗ, ನಾಯಿ ತಪ್ಪು ಮಾಡಿರಲಿ ಬಿಡಲಿ, ಮಾಲೀಕರು ಗದರಿದರೆ ಆ ಮುಖ ಹೆಚ್ಚಾಗಿ ಕಾಣಿಸಿಕೊಂಡಿತು. ಹೆದರಿದ ಪ್ರಾಣಿಯನ್ನು ತೋರಿಸಿ ನಗಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ನಗು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡದೆ ಹೋದರೆ ದೊಡ್ಡ ಕಂಪನಿಗಳೂ ಎಡವುತ್ತವೆ. 2015ರಲ್ಲಿ ಅಮೆರಿಕದ ಗೋಡ್ಯಾಡಿ ಕಂಪನಿ ಸೂಪರ್ ಬೌಲ್ ಪಂದ್ಯಕ್ಕೆಂದು ಜಾಹೀರಾತು ಮಾಡಿತು. ಲಾರಿಯಿಂದ ಬಿದ್ದ ಮರಿಯೊಂದು ಕಷ್ಟಪಟ್ಟು ಮನೆ ಸೇರುತ್ತದೆ. ಒಡತಿ ಖುಷಿಯಿಂದ ಎತ್ತಿಕೊಳ್ಳುತ್ತಾಳೆ, ಅದನ್ನು ಆನ್‌ಲೈನ್‌ನಲ್ಲಿ ಆಗಲೇ ಮಾರಿಬಿಟ್ಟಿದ್ದಾಳೆಂಬ ಕಾರಣಕ್ಕೆ. ಮರಿಯ ನಂಬಿಕೆಯೇ ಅಲ್ಲಿ ನಗೆಪಾಟಲು. ಜನ ಸಿಟ್ಟಿಗೆದ್ದರು, ಪಂದ್ಯಕ್ಕೆ ಮೊದಲೇ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ಕಾಳಿಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ಕೊರಿಯರ್ ಹುಡುಗ ಗೇಟು ಮುಟ್ಟುವ ಮೊದಲೇ ಕಾಳಿ ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತಾಳೆ. ದೀಪಾವಳಿ ಬಂತೆಂದರೆ ಮಂಚದ ಕೆಳಗೇ ವಾಸ, ಊಟವೂ ಅಲ್ಲಿಗೇ ಬರಬೇಕು. ಬೆಕ್ಕು ಸಾಕಿರುವವರು ಕ್ಷಮಿಸಿ, ಆ ವಂಶದೊಂದಿಗೆ ಅವಳಿಗೆ ಹಳೆಯ ವ್ಯಾಜ್ಯವಿದೆ. ಮೊದಲ ಒಂದೆರಡು ವಾರ ನಿಮ್ಮನ್ನು ದೂರದಿಂದಲೇ ಪರೀಕ್ಷಿಸುತ್ತಾಳೆ. ಪಾಸಾದಿರೋ, ಆಮೇಲೆ ಬಚ್ಚಲುಮನೆಗೂ ಒಬ್ಬರನ್ನೇ ಹೋಗಗೊಡುವುದಿಲ್ಲ.’ ಇದರ ಕೆಳಗೆ ತಮಾಷೆಯಿಲ್ಲದ ನಾಲ್ಕು ಸಾಲು: ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ; ರೇಬೀಸ್ ಲಸಿಕೆ ಹಾಕಿಸಿದೆ, ಪ್ರತಿವರ್ಷ ಹಾಕಿಸಬೇಕು; ಕಾಲಿಗೆ ಸದ್ಯ ಔಷಧ ಬೇಡ, ಆದರೆ ಮಹಡಿ ಹತ್ತಿಸುವುದು ಬೇಡ; ಮನೆ ನೋಡಿಕೊಂಡೇ ಕೊಡುತ್ತೇವೆ, ಕೇಳಿದ ದಿನವೇ ಕೊಡುವುದಿಲ್ಲ. ಅವಳ ಕುಂಟುಗಾಲನ್ನು ತಮಾಷೆಯ ಭಾಗಕ್ಕೆ ಸೇರಿಸಿಲ್ಲ ಗಮನಿಸಿ. ಬೊಗಳುವುದು ಅವಳ ಸ್ವಭಾವ, ಕುಂಟು ಅವಳಿಗಾದ ನೋವು. ಅಪಾರ್ಟ್‌ಮೆಂಟಿನಲ್ಲಿದ್ದು ನೆರೆಯವರಿಂದ ದೂರು ಬರಬಹುದು ಎನ್ನುವವರು ಮೊದಲ ಸಾಲಿಗೇ ಹಿಂದೆ ಸರಿಯುತ್ತಾರೆ, ಸರಿಯಲೂ ಬೇಕು.

ಇಂಥ ಪೋಸ್ಟರ್‌ಗೆ ಕರೆಗಳು ಕಡಿಮೆ ಬರಬಹುದು. ಶಿಬಿರ ನಡೆಸುವವರಿಗೆ ಅದೇ ಚಿಂತೆ, ಏಕೆಂದರೆ ಸಂಜೆಗೆ ಎಷ್ಟು ಹೋದವು ಎಂಬುದೇ ಲೆಕ್ಕಕ್ಕೆ ಬರುತ್ತದೆ. ನಿಜವಾದ ಲೆಕ್ಕ ಮೂರು ತಿಂಗಳ ನಂತರದ್ದು. ಹೊಸ ಮನೆಗೆ ಬಂದ ನಾಯಿಯ ಭಯ ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ನನ್ನದೇ ಮನೆ ಎನಿಸಲು ಮೂರು ತಿಂಗಳು ಎಂಬುದು ಈ ಕೆಲಸದಲ್ಲಿರುವವರ ಅಂದಾಜು. ಪ್ರಾನ್ಸರ್ ಮೊದಲ ವಾರ ಸುಮ್ಮನಿದ್ದದ್ದೂ ಇದಕ್ಕೇ. ಈ ಮೂರೂ ಹಂತಗಳಲ್ಲಿ ಫೋನ್ ಮಾಡಿ ವಿಚಾರಿಸಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಬೀದಿನಾಯಿಗಳನ್ನು ದತ್ತು ಪಡೆಯಲು ಅವಕಾಶ ಕೊಡುವಾಗ, ಅವು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದಿದೆ. ಹಾಗಾಗಿ ಸಾಕಲಾಗದವರು ಮುಜುಗರವಿಲ್ಲದೆ ಶಿಬಿರಕ್ಕೇ ಮರಳಿಸಬಹುದು ಎಂಬ ಮಾತೂ ಪೋಸ್ಟರ್‌ನಲ್ಲಿರಬೇಕು.

ಮರಳಿ ಬಂದ ನಾಯಿಯ ಜೊತೆ ಬರುವ ಕಾರಣವನ್ನು ಬರೆದಿಟ್ಟುಕೊಳ್ಳಿ. ‘ತುಂಬ ಬೊಗಳುತ್ತೆ’ ಎಂದು ಫ್ಲ್ಯಾಟಿನಿಂದ ವಾಪಸಾದ ನಾಯಿಯ ಮುಂದಿನ ಪೋಸ್ಟರ್‌ನಲ್ಲಿ ಆ ಮಾತೇ ಮೊದಲ ಸಾಲಾಗಲಿ, ಅಕ್ಕಪಕ್ಕ ಮನೆಗಳಿಲ್ಲದ ತೋಟದ ಮನೆಯವರ ಕಣ್ಣಿಗೆ ಬೀಳುವ ಹಾಗೆ.