ತುಂಬಿದ ಲಾಡ್ಜ್, ಇಳಿದ ಆದಾಯ

ಮೈಸೂರಿನಲ್ಲಿ 40 ರೂಮಿನ ಒಂದು ಲಾಡ್ಜ್ ಇದೆ ಎಂದುಕೊಳ್ಳಿ. ಮಂಗಳವಾರ ರಾತ್ರಿ 30 ರೂಮು ಹೋದವು, ಬಾಡಿಗೆ 60,000 ರೂಪಾಯಿ. ಭರ್ತಿ ಶೇ. 75. ಹೋದ ರೂಮಿನ ಸರಾಸರಿ ದರ 2,000. ಖಾಲಿ ಉಳಿದವನ್ನೂ ಸೇರಿಸಿ ಭಾಗಿಸಿದರೆ ಪ್ರತಿ ರೂಮಿಗೆ 1,500. ಬುಧವಾರ ದರವನ್ನು 1,600ಕ್ಕೆ ಇಳಿಸಿದಾಗ 36 ರೂಮು ಹೋದವು. ಭರ್ತಿ ಶೇ. 90, ಮಾಲೀಕರಿಗೆ ಖುಷಿ. ಆದರೆ ಬಂದದ್ದು 57,600, ಪ್ರತಿ ರೂಮಿಗೆ 1,440 ಮಾತ್ರ!

ಲೆಕ್ಕ ಹೆಚ್ಚಾಗಿ ತಪ್ಪುವುದು ಬುಕಿಂಗ್ ಪುಸ್ತಕದಲ್ಲಿ. ಸೋಮವಾರ ಬಂದು ಗುರುವಾರ ಹೊರಟವರದು ಒಂದೇ ಸಾಲು, ಆದರೆ ಮೂರು ರಾತ್ರಿ. ಬಾಡಿಗೆಯನ್ನು ಮೂರಕ್ಕೂ ಹಂಚಬೇಕು. ಪೂರ್ತಿ ಹಣವನ್ನು ಬಂದ ದಿನಕ್ಕೇ ಬರೆದರೆ ಸೋಮವಾರದ ಸರಾಸರಿ ದರಪಟ್ಟಿಯನ್ನೂ ಮೀರಬಹುದು. ತಪ್ಪು ಸಿಕ್ಕಿಬೀಳುವುದೂ ಅಲ್ಲೇ. ಜಿಎಸ್‌ಟಿ, ಊಟದ ಬಿಲ್ಲು ಇದರಲ್ಲಿ ಬೆರೆಯಬಾರದು.