ಮೊದಲ ಅರ್ಧ ಗಂಟೆಯ ಎರಡು ಗೆರೆಗಳು

ಷೇರುಪೇಟೆ ಬೆಳಿಗ್ಗೆ 9.15ಕ್ಕೆ ತೆರೆದ ಮೇಲೆ 9.45ರ ತನಕ ಒಂದು ಷೇರು ಮುಟ್ಟಿದ ಅತಿ ಹೆಚ್ಚಿನ ಬೆಲೆಗೆ ಒಂದು ಗೆರೆ, ಅತಿ ಕಡಿಮೆ ಬೆಲೆಗೆ ಇನ್ನೊಂದು ಗೆರೆ ಎಳೆದರೆ ಸಿಗುವ ಪಟ್ಟಿಯೇ ಓಪನಿಂಗ್ ರೇಂಜ್. ಬೆಲೆ ಮೇಲಿನ ಗೆರೆ ದಾಟಿದರೆ ಕೊಳ್ಳುವುದು, ಕೆಳಗಿನ ಗೆರೆ ಮುರಿದರೆ ಮಾರುವುದು, ಎರಡೂ ಆಗದಿದ್ದರೆ ಸುಮ್ಮನಿರುವುದು. ಇಂಟ್ರಾಡೇ ವ್ಯವಹಾರದವರು ಓಪನಿಂಗ್ ರೇಂಜ್ ಬ್ರೇಕ್‌ಔಟ್ ಎನ್ನುವ ಪದ್ಧತಿ ಇಷ್ಟೇ. ಇದು ವ್ಯಾಪಕವಾಗಿ ತಿಳಿದದ್ದು ಅಮೆರಿಕದ ಟೋಬಿ ಕ್ರೇಬೆಲ್ 1990ರಲ್ಲಿ ಬರೆದ ಪುಸ್ತಕದಿಂದ. ಕ್ರೇಬೆಲ್ ಹೇಳಿದ ಕ್ರಮದಲ್ಲಿ ಅರ್ಧ ಗಂಟೆಯ ಕಾಯುವಿಕೆ ಇರಲಿಲ್ಲ. ಹಿಂದಿನ ಹತ್ತು ದಿನಗಳ ಏರಿಳಿತದಿಂದ ಒಂದು ಅಂತರವನ್ನು ಮೊದಲೇ ಲೆಕ್ಕ ಹಾಕಿಟ್ಟು, ಬೆಲೆ ಅಷ್ಟು ದೂರ ಸರಿದೊಡನೆ ವ್ಯವಹಾರಕ್ಕೆ ಇಳಿಯುವುದು ಆ ಕ್ರಮ. ಹದಿನೈದು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಎಂಬ ಕಾಲಮಿತಿಗಳು ಬಳಕೆಯಲ್ಲಿ ಬೆಳೆದು ಬಂದವು.

ಅರ್ಧ ಗಂಟೆಗೆ ಬೆಲೆ ಬರಲು ಕಾರಣ ಬೆಳಗಿನ ವಹಿವಾಟಿನ ಸ್ವಭಾವ. ಹಿಂದಿನ ದಿನ ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚಿದ ಮೇಲೆ ಬಂದ ಕಂಪನಿ ಫಲಿತಾಂಶ, ಅಮೆರಿಕದ ಪೇಟೆಯ ಏರಿಳಿತ, ಕಚ್ಚಾ ತೈಲದ ಬೆಲೆ, ಇವೆಲ್ಲಕ್ಕೂ ಪ್ರತಿಕ್ರಿಯೆ ಒಮ್ಮೆಗೇ ಬೀಳುವುದು ಈ ಹೊತ್ತಿನಲ್ಲಿ. 9 ಗಂಟೆಗೆ ಶುರುವಾಗುವ ಪ್ರೀ-ಓಪನ್ ಅವಧಿಯಲ್ಲಿ ಆರ್ಡರ್‌ಗಳನ್ನು ಒಟ್ಟುಗೂಡಿಸಿ, ಅತಿ ಹೆಚ್ಚು ಷೇರುಗಳು ಕೈ ಬದಲಿಸಬಲ್ಲ ಒಂದೇ ಬೆಲೆಯನ್ನು ಎಕ್ಸ್‌ಚೇಂಜ್ ನಿಗದಿ ಮಾಡುತ್ತದೆ. ಆ ಬೆಲೆ ಸರಿಯೋ ತಪ್ಪೋ ಎಂಬ ಜಗಳ 9.15ರ ನಂತರವೇ. ರಾತ್ರಿಯೇ ಆರ್ಡರ್ ಹಾಕಿಟ್ಟವರು, ಗಾಬರಿಯಿಂದ ಮಾರುವವರು, ನಿನ್ನೆಯ ಲಾಭ ಕಿಸೆಗೆ ಹಾಕಿಕೊಳ್ಳುವವರು ಎಲ್ಲರೂ ಆಗ ಕಣದಲ್ಲಿರುತ್ತಾರೆ. ಸಾಮಾನ್ಯವಾಗಿ 9.45ರ ಹೊತ್ತಿಗೆ ಈ ನೂಕುನುಗ್ಗಲು ತಗ್ಗುತ್ತದೆ. ಅಲ್ಲಿಗೆ ಎಳೆದ ಎರಡು ಗೆರೆಗಳ ನಡುವಿನ ಬೆಲೆಯನ್ನು ಆ ದಿನದ ಕೊಳ್ಳುವವರು ಮತ್ತು ಮಾರುವವರು ತಕ್ಕಮಟ್ಟಿಗೆ ಒಪ್ಪಿದ್ದಾರೆ ಎಂದು ಹೇಳಬಹುದು. ಆ ಮೇಲೆ ಗೆರೆ ಮುರಿದರೆ ಒಪ್ಪಂದವೂ ಮುರಿಯಿತು. ತಪ್ಪು ಬದಿಯಲ್ಲಿ ಸಿಕ್ಕಿಕೊಂಡವರು ಹೊರಬರಲೇಬೇಕು. ಅವರ ಸ್ಟಾಪ್‌ಲಾಸ್ ಆರ್ಡರ್‌ಗಳು ಬಹುಪಾಲು ಗೆರೆಯ ಆಚೆಗೇ ಇರುತ್ತವೆ. ಬ್ರೇಕ್‌ಔಟ್‌ಗೆ ಮೊದಲ ತಳ್ಳು ಸಿಗುವುದು ಅಲ್ಲಿಂದ.

ಗೆರೆ ಮುರಿಯುವುದನ್ನು ಗುರುತಿಸುವುದು ಸುಲಭ. ಮುರಿದ ಮೇಲೆ ಬೆಲೆಗೆ ಓಡಲು ಜಾಗ ಉಳಿದಿದೆಯೇ ಎಂಬುದೇ ನಿಜವಾದ ಪ್ರಶ್ನೆ, ಮತ್ತು ಹೆಚ್ಚಿನವರು ಅದನ್ನು ಕೇಳಿಕೊಳ್ಳುವುದಿಲ್ಲ. ಪ್ರತಿ ಷೇರಿಗೂ ದಿನಕ್ಕೆ ಇಷ್ಟು ಎಂದು ಒಂದು ವಾಡಿಕೆಯ ಏರಿಳಿತ ಇರುತ್ತದೆ. ಕಳೆದ 14 ದಿನಗಳಲ್ಲಿ ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಅಂತರವನ್ನು ಕೂಡಿ 14ರಿಂದ ಭಾಗಿಸಿದರೆ ಅದರ ಅಂದಾಜು ಸಿಗುತ್ತದೆ. ಈ ಸರಾಸರಿಯ ಮುಕ್ಕಾಲು ಪಾಲನ್ನು ಷೇರು ಮೊದಲ ಅರ್ಧ ಗಂಟೆಯಲ್ಲೇ ಓಡಿ ಮುಗಿಸಿದ್ದರೆ, ಬ್ರೇಕ್‌ಔಟ್ ಆದ ಮೇಲೆ ಉಳಿಯುವುದು ಅಲ್ಪ. ಅರ್ಧಕ್ಕಿಂತ ಕಡಿಮೆ ಓಡಿದ್ದರೆ ಮಾತ್ರ ಮುಂದಿನ ಲೆಕ್ಕಕ್ಕೆ ಅರ್ಥವಿದೆ.

ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯ ತನಕ ನೋಡಬಹುದು. ಒಂದು ಷೇರಿನ ಹಿಂದಿನ ದಿನದ ಮುಕ್ತಾಯದ ಬೆಲೆ 816 ರೂಪಾಯಿ, ದಿನದ ಸರಾಸರಿ ಏರಿಳಿತ 20 ರೂಪಾಯಿ. ಇಂದು 9.45ರ ಹೊತ್ತಿಗೆ ಗರಿಷ್ಠ 826, ಕನಿಷ್ಠ 818. ಪಟ್ಟಿಯ ಅಗಲ 8 ರೂಪಾಯಿ, ಅಂದರೆ ಸರಾಸರಿಯ ಅರ್ಧಕ್ಕಿಂತ ಕಡಿಮೆ. ದಿನದ ಕನಿಷ್ಠ 818ರಲ್ಲೇ ನಿಂತರೆ ಷೇರು 838ರ ತನಕ ಹೋಗುವುದು ಅದರ ವಾಡಿಕೆಯೊಳಗೇ ಇದೆ. 10 ಗಂಟೆಗೆ ಮುಗಿದ ಐದು ನಿಮಿಷದ ಕ್ಯಾಂಡಲ್ 827.20ರಲ್ಲಿ ಮುಚ್ಚಿತು ಎನ್ನೋಣ. ಖರೀದಿ 827.50ಕ್ಕೆ ಆಯಿತು. ಸ್ಟಾಪ್‌ಲಾಸ್ ಪಟ್ಟಿಯ ನಡುಗೆರೆಯಾದ 822ಕ್ಕಿಂತ ತುಸು ಕೆಳಗೆ, 821.50ರಲ್ಲಿ. ಒಂದು ಷೇರಿಗೆ ಅಪಾಯ 6 ರೂಪಾಯಿ.

ಎಷ್ಟು ಷೇರು ಕೊಳ್ಳಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಈ 6 ರೂಪಾಯಿಯೇ ಹೊರತು ಬ್ರೋಕರ್ ಕೊಡುವ ಮಾರ್ಜಿನ್ ಅಲ್ಲ. ಬಂಡವಾಳ 2 ಲಕ್ಷ ರೂಪಾಯಿ ಇದ್ದು, ಒಂದು ವ್ಯವಹಾರದಲ್ಲಿ ಅದರ ಶೇ. 0.5ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬ ಮಿತಿ ಇದ್ದರೆ, 1,000 ರೂಪಾಯಿಯನ್ನು 6ರಿಂದ ಭಾಗಿಸಿ 166 ಷೇರು. ಅದರ ಮೌಲ್ಯ 1,37,365 ರೂಪಾಯಿ. ಸಾಲದ ಮಾರ್ಜಿನ್‌ನ ಅಗತ್ಯವೇ ಬೀಳಲಿಲ್ಲ. ಐದು ಪಟ್ಟು ಮಾರ್ಜಿನ್ ಸಿಗುತ್ತದೆಂದು ಅದೇ ಹಣದಲ್ಲಿ 1,200 ಷೇರು ಕೊಂಡವರಿಗೆ ಅದೇ ಸ್ಟಾಪ್‌ಲಾಸ್ 7,200 ರೂಪಾಯಿಯ ಹೊಡೆತ. ಚಾರ್ಟ್ ಒಂದೇ, ಗೆರೆಗಳೂ ಒಂದೇ.

ಈಗ ಫಲಿತಾಂಶ. ಬೆಲೆ ಗುರಿಯ ಹತ್ತಿರ ಬಂದು 837.50ಕ್ಕೆ ಮಾರಾಟವಾದರೆ ಷೇರಿಗೆ 10 ರೂಪಾಯಿಯಂತೆ 1,660 ರೂಪಾಯಿ. ಎರಡು ಆರ್ಡರ್‌ಗೆ ತಲಾ 20 ರೂಪಾಯಿ ಬ್ರೋಕರೇಜ್, ಮಾರಾಟದ ಮೌಲ್ಯದ ಮೇಲೆ ಶೇ. 0.025ರ ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಮುದ್ರಾಂಕ ಶುಲ್ಕ ಎಲ್ಲ ಸೇರಿ ಸುಮಾರು 96 ರೂಪಾಯಿ ಹೋಗುತ್ತದೆ. ಕೈಗೆ ಬರುವುದು 1,564. ಸ್ಟಾಪ್‌ಲಾಸ್ ತಗುಲಿದರೆ ಬೆಲೆ ಬೀಳುತ್ತಿರುವ ವೇಗದಲ್ಲಿ 821.50ರ ಬದಲು 821.20ಕ್ಕೆ ಮಾರಾಟವಾಗುವುದು ಮಾಮೂಲು. ಆಗ ಖರ್ಚು ಸೇರಿ ನಷ್ಟ 1,140ರ ಆಸುಪಾಸು. ಈ ಎರಡು ಮೊತ್ತಗಳನ್ನು ಎದುರುಬದುರು ಇಟ್ಟರೆ, ನೂರು ವ್ಯವಹಾರಗಳಲ್ಲಿ ಕನಿಷ್ಠ 42 ಅಥವಾ 43 ಗುರಿ ಮುಟ್ಟಿದರೆ ಮಾತ್ರ ಅಸಲು ಉಳಿಯುತ್ತದೆ.

ಅದೇ ಷೇರು ಅರ್ಧ ಗಂಟೆಯಲ್ಲಿ 818ರಿಂದ 834ರ ತನಕ ಓಡಾಡಿದ್ದರೆ ಚಿತ್ರವೇ ಬೇರೆ. ಖರೀದಿ 835ರ ಮೇಲೆ, ನಡುಗೆರೆ 826ರಲ್ಲಿ. ಅಪಾಯ 9 ರೂಪಾಯಿಗೂ ಹೆಚ್ಚು, ವಾಡಿಕೆಯ ಏರಿಳಿತದಲ್ಲಿ ಉಳಿದದ್ದು 3 ರೂಪಾಯಿ. ಮೂರು ರೂಪಾಯಿಯ ಆಸೆಗೆ ಒಂಬತ್ತು ಪಣಕ್ಕಿಡುವ ಈ ಬ್ರೇಕ್‌ಔಟ್ ಪರದೆಯ ಮೇಲೆ ಮೊದಲನೆಯದಕ್ಕಿಂತ ಹೆಚ್ಚು ರಭಸದ್ದಾಗಿ ಕಾಣುತ್ತದೆ, ಹೆಚ್ಚು ಜನರನ್ನು ಸೆಳೆಯುವುದೂ ಇದೇ. ತೀರಾ ಕಿರಿದಾದ ಪಟ್ಟಿಗೂ ತನ್ನದೇ ತೊಂದರೆ ಇದೆ. 820 ರೂಪಾಯಿಯ ಷೇರಿನಲ್ಲಿ ಪಟ್ಟಿ 2 ರೂಪಾಯಿಯಷ್ಟೇ ಇದ್ದರೆ, ಸಾಮಾನ್ಯ ಅಲುಗಾಟಕ್ಕೇ ಎರಡೂ ಗೆರೆಗಳು ಮುರಿಯುತ್ತವೆ.

ಗೆರೆ ದಾಟಿದ ಬೆಲೆ ತಿರುಗಿ ಪಟ್ಟಿಯೊಳಗೆ ಬಂದು ಕೂರುವುದಕ್ಕೆ ಸುಳ್ಳು ಬ್ರೇಕ್‌ಔಟ್ ಎಂದು ಹೆಸರು. ಈ ಪದ್ಧತಿಯಲ್ಲಿ ಹಣ ಸೋರುವ ದೊಡ್ಡ ತೂತು ಇದೇ. 826 ಮುಟ್ಟಿದ ಕ್ಷಣದಲ್ಲೇ ಆರ್ಡರ್ ಹೋಗುವಂತೆ ಇಟ್ಟವರಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಜೊತೆಗೆ ಎಲ್ಲ ಸುಳ್ಳು ಬ್ರೇಕ್‌ಔಟ್‌ಗಳೂ ಸಿಗುತ್ತವೆ. ಐದು ನಿಮಿಷದ ಕ್ಯಾಂಡಲ್ ಗೆರೆಯ ಆಚೆ ಮುಚ್ಚುವ ತನಕ ಕಾಯುವವರು ಒಂದೆರಡು ರೂಪಾಯಿ ಹೆಚ್ಚು ಕೊಟ್ಟು, ಅವುಗಳಲ್ಲಿ ಕೆಲವನ್ನು ತಪ್ಪಿಸಿಕೊಳ್ಳುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ. ದಿನಕ್ಕೊಂದು ಕ್ರಮ ಹಿಡಿದರೆ ಯಾವುದರ ಲೆಕ್ಕವೂ ಕೈಗೆ ಸಿಗುವುದಿಲ್ಲ.

ಸುಳ್ಳನ್ನು ಗುರುತಿಸಲು ವಾಲ್ಯೂಮ್ ನೋಡಬೇಕೆಂದು ಎಲ್ಲರೂ ಹೇಳುತ್ತಾರೆ. ಯಾವುದರೊಂದಿಗೆ ಹೋಲಿಸಬೇಕು ಎಂಬುದನ್ನು ಹೇಳುವವರು ಕಡಿಮೆ. 9.15ರಿಂದ 9.20ರ ಕ್ಯಾಂಡಲ್‌ನ ವಾಲ್ಯೂಮ್ ಹೆಚ್ಚಿನ ದಿನಗಳಲ್ಲಿ ಬೆಳಗಿನ ಹೊತ್ತಿನಲ್ಲೇ ಅತಿ ದೊಡ್ಡದು. ಅದಕ್ಕೆ ಹೋಲಿಸಿದರೆ ಒಳ್ಳೆಯ ಬ್ರೇಕ್‌ಔಟ್ ಕೂಡ ಸಪ್ಪೆಯಾಗಿ ಕಾಣುತ್ತದೆ. 9.30ರಿಂದ 9.45ರ ನಡುವಿನ ಮೂರು ಕ್ಯಾಂಡಲ್‌ಗಳ ಸರಾಸರಿಗಿಂತ ಬ್ರೇಕ್‌ಔಟ್ ಕ್ಯಾಂಡಲ್‌ನ ವಾಲ್ಯೂಮ್ ಎದ್ದು ಕಾಣುವಷ್ಟು ಹೆಚ್ಚಿದೆಯೇ ಎಂದು ನೋಡುವುದು ನ್ಯಾಯವಾದ ಹೋಲಿಕೆ. ಹೆಚ್ಚಿರದೆ, ಮುಂದಿನ ಒಂದೆರಡು ಕ್ಯಾಂಡಲ್‌ಗಳಲ್ಲೇ ಬೆಲೆ ಮತ್ತೆ 826ರ ಕೆಳಗೆ ಮುಚ್ಚಿದರೆ, ಸ್ಟಾಪ್‌ಲಾಸ್ ತಗುಲುವ ತನಕ ಕಾಯದೆ ಹೊರಬರುವುದುಂಟು.

ಗೆರೆಗಳಿಗೆ ಅರ್ಥವೇ ಇರದ ದಿನಗಳೂ ಇವೆ. ರಿಸರ್ವ್ ಬ್ಯಾಂಕ್ ಹಣಕಾಸು ನೀತಿಯನ್ನು ಪ್ರಕಟಿಸುವುದು ಬೆಳಿಗ್ಗೆ 10ಕ್ಕೆ. ಅಂದು ಬ್ಯಾಂಕ್ ಷೇರೊಂದು 9.50ಕ್ಕೆ ಗೆರೆ ದಾಟಿದರೆ ಅದು ಹತ್ತು ನಿಮಿಷದ ಊಹೆ ಮಾತ್ರ. ನಿಜವಾದ ಸುದ್ದಿ ಇನ್ನೂ ಬಂದೇ ಇಲ್ಲ. ಬಜೆಟ್ ದಿನ 11ರ ತನಕ ಇದೇ ಸ್ಥಿತಿ. ಕಂಪನಿಯ ಫಲಿತಾಂಶ ಮಧ್ಯಾಹ್ನ ಬರಲಿದ್ದರೆ ಬೆಳಗಿನ ಪಟ್ಟಿ ಆ ಸುದ್ದಿಗೆ ಮೊದಲಿನ ಅಭಿಪ್ರಾಯ ಅಷ್ಟೇ.

ಕೆಳಗಿನ ಗೆರೆ ಮುರಿದಾಗ ಮೊದಲು ಮಾರಿ ಆಮೇಲೆ ಕೊಳ್ಳುವ ಶಾರ್ಟ್ ವ್ಯವಹಾರಕ್ಕೂ ಲೆಕ್ಕ ಇದೇ, ತಲೆಕೆಳಗು. ಆದರೆ ಅದರಲ್ಲಿ ಇನ್ನೊಂದು ಗಂಡಾಂತರ ಸೇರುತ್ತದೆ. ಷೇರು ಮೇಲಿನ ಸರ್ಕ್ಯೂಟ್‌ಗೆ ಹೋಗಿ ಮಾರುವವರೇ ಇಲ್ಲವಾದರೆ ಮರಳಿ ಕೊಳ್ಳಲು ಆಗುವುದಿಲ್ಲ, ಎಕ್ಸ್‌ಚೇಂಜ್‌ನ ಹರಾಜಿನಲ್ಲಿ ಬಂದ ಬೆಲೆ ತೆರಬೇಕಾಗುತ್ತದೆ. ಹಾಗಾಗಿ ಕಿರಿದಾದ ಸರ್ಕ್ಯೂಟ್ ಮಿತಿಯ, ವಹಿವಾಟು ಕಡಿಮೆ ಇರುವ ಷೇರುಗಳು ಈ ಪದ್ಧತಿಗೆ ಹೊಂದುವುದಿಲ್ಲ.

ಹಳೆಯ ದತ್ತಾಂಶದ ಮೇಲೆ ಪರೀಕ್ಷಿಸಿ ಈ ಪದ್ಧತಿ ನೂರಕ್ಕೆ ಇಷ್ಟು ಸಲ ಗೆಲ್ಲುತ್ತದೆ ಎಂದು ತೋರಿಸುವ ಕೋಷ್ಟಕಗಳು ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಎರಡು ಕಡೆ ಕಣ್ಣಿಡಬೇಕು. ಒಂದೇ ಕ್ಯಾಂಡಲ್‌ನಲ್ಲಿ ಗುರಿಯೂ ಸ್ಟಾಪ್‌ಲಾಸ್ ಕೂಡ ಸಿಕ್ಕಿದ್ದರೆ ಯಾವುದು ಮೊದಲು ಸಿಕ್ಕಿತೆಂದು ಆ ಕ್ಯಾಂಡಲ್ ಹೇಳುವುದಿಲ್ಲ. ಲೆಕ್ಕ ಮಾಡಿದವರು ಅದನ್ನು ಗೆಲುವೆಂದು ಬರೆದುಕೊಂಡಿರಬಹುದು. ಖರೀದಿ ಸರಿಯಾಗಿ 826ಕ್ಕೇ ಆಯಿತು ಎಂದು ಹಿಡಿದಿದ್ದರೆ, ಮೇಲೆ ಕಂಡ ಒಂದೂವರೆ ರೂಪಾಯಿಯ ವ್ಯತ್ಯಾಸ ಪ್ರತಿ ವ್ಯವಹಾರದಲ್ಲೂ ಮಾಯವಾಗಿರುತ್ತದೆ. ಉದಾಹರಣೆಯಲ್ಲಿ ಅಪಾಯವೇ 6 ರೂಪಾಯಿ ಇದ್ದಾಗ ಇದು ಸಣ್ಣ ಮೊತ್ತವಲ್ಲ.

ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022–23ರಲ್ಲಿ ಷೇರುಗಳ ಇಂಟ್ರಾಡೇ ವ್ಯವಹಾರ ಮಾಡಿದ ಹತ್ತು ಮಂದಿಯಲ್ಲಿ ಏಳು ಮಂದಿಗೆ ನಷ್ಟ. ವರ್ಷಕ್ಕೆ 500ಕ್ಕಿಂತ ಹೆಚ್ಚು ವ್ಯವಹಾರ ಮಾಡಿದವರಲ್ಲಿ ಅದು ಶೇ. 80. ನಷ್ಟ ಅನುಭವಿಸಿದವರು ಆ ನಷ್ಟದ ಶೇ. 57ರಷ್ಟನ್ನು ಮೇಲಿಂದ ಖರ್ಚಿನ ರೂಪದಲ್ಲೂ ತೆತ್ತಿದ್ದರು. ಇದು ಓಪನಿಂಗ್ ರೇಂಜ್ ಒಂದರ ಲೆಕ್ಕವಲ್ಲ, ಎಲ್ಲ ಪದ್ಧತಿಗಳೂ ಸೇರಿದ್ದು. ಆದರೂ ದಿನಕ್ಕೆ ನಾಲ್ಕಾರು ಷೇರುಗಳಲ್ಲಿ ಬ್ರೇಕ್‌ಔಟ್ ಹಿಡಿಯಲು ಹೊರಡುವವರು ಆ 96 ರೂಪಾಯಿಯನ್ನು ವರ್ಷದ ವ್ಯವಹಾರಗಳ ಸಂಖ್ಯೆಯಿಂದ ಗುಣಿಸಿ ನೋಡಬಹುದು: 500 ಸಲಕ್ಕೆ 48,000 ರೂಪಾಯಿ, 2 ಲಕ್ಷದ ಬಂಡವಾಳದ ಹೆಚ್ಚುಕಡಿಮೆ ಕಾಲು ಭಾಗ.

ಗುರಿಯೂ ಮುಟ್ಟದೆ ಸ್ಟಾಪ್‌ಲಾಸೂ ತಗುಲದೆ ದಿನ ಕಳೆಯುವ ವ್ಯವಹಾರಗಳು ಬಹಳ. ಮಧ್ಯಾಹ್ನ 3.20ರ ಸುಮಾರಿಗೆ ಬ್ರೋಕರ್‌ಗಳ ಗಣಕಯಂತ್ರ ಅಂಥವನ್ನು ತಾನಾಗಿ ಮುಚ್ಚಿಬಿಡುತ್ತದೆ, ಕೆಲವರು ಅದಕ್ಕೆ ಬೇರೆ ಶುಲ್ಕ ಹಾಕುತ್ತಾರೆ. ಅದಕ್ಕೆ ಮೊದಲೇ ತಾವಾಗಿ ಹೊರಬರುವವರು ಸಾಮಾನ್ಯವಾಗಿ 3 ಗಂಟೆಯನ್ನು ಗಡುವು ಮಾಡಿಕೊಂಡಿರುತ್ತಾರೆ.