ಬಾಣಂತಿ ಮನೆಗೆ ಫ್ರಾಕು ಬೇಡ, ಡಬ್ಬಿ ಒಯ್ಯಿರಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ, ಆಮೇಲೆ ಉಳಿದದ್ದು.

ಐರೋಳಿಯಲ್ಲಿರೋ ದಾವಣಗೆರೆ ಕಡೆಯ ಗೆಳೆಯನಿಗೆ ಮಗಳು ಹುಟ್ಟಿದಳು. ಹದಿನೈದನೇ ದಿನಕ್ಕೆ ನಾನೂ ನನ್ನ ಹೆಂಡತಿಯೂ ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಟ್ರೇನ್ ಹತ್ತಿ, ಎರಡು ಫ್ರಾಕು, ಒಂದು ದೊಡ್ಡ ಗೊಂಬೆ ಹಿಡ್ಕೊಂಡು ಹೋದ್ವಿ. ಅವರ ಮನೆಯಲ್ಲಿ ಆಗಲೇ ಒಂಬತ್ತು ಫ್ರಾಕು ಇದ್ವು. ಬಾಣಂತಿ ಎದ್ದು ಬಂದು ಕೂತಳು, ಗೆಳೆಯ ಚಹಾ ಮಾಡಿದ, ನಾವು ಎರಡು ತಾಸು ಹರಟೆ ಹೊಡೆದ್ವಿ. ಹೊರಡುವಾಗ ಲಿಫ್ಟ್ ಹತ್ರ ಅವನು ನಿದ್ದೆಗಣ್ಣಲ್ಲೇ ಹೇಳಿದ: “ಮಗು ಮಲಗಿದ್ದು ಅದೇ ಎರಡು ತಾಸು ಕಣೋ.” ಬೈದದ್ದಲ್ಲ. ಆದ್ರೆ ಟ್ರೇನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಲೆಕ್ಕ ಹಾಕಿ ನೋಡಿ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತೆ, ಅಂದ್ರೆ ಎರಡು-ಮೂರು ತಾಸಿಗೊಂದು ಸಲ. ಈ ಅಂತರ ಹಾಲು ಕುಡಿಯೋಕೆ ಶುರುಮಾಡಿದಾಗಿನಿಂದ ಎಣಿಸೋದು. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ಮಲಗಿಸೋದಕ್ಕೇ ಒಂದು ತಾಸು ಹೋಗುತ್ತೆ. ತಾಯಿಗೆ ಒಂದೇ ಸಮನೆ ಸಿಗೋ ನಿದ್ದೆ ಒಂದೂವರೆ ತಾಸು. ಊರಲ್ಲಾದ್ರೆ ತವರುಮನೆ ಬಾಣಂತನ, ಅಜ್ಜಿ, ಅತ್ತಿಗೆ ಎಲ್ಲ ಇರ್ತಾರೆ. ಇಲ್ಲಿ ಒನ್ ಬಿಎಚ್‌ಕೆಯಲ್ಲಿ ಅತ್ತೆಯೋ ಅಮ್ಮನೋ ಒಬ್ಬರು ಬಂದಿದ್ರೆ ಅದೇ ಪುಣ್ಯ. ತಾಯಿಗೆ 2017ರ ತಿದ್ದುಪಡಿಯಾದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಅಪ್ಪನಿಗೆ? ಕೇಂದ್ರ ಸರ್ಕಾರದ ನೌಕರನಾದ್ರೆ 15 ದಿನ. ನಮ್ಮಂಥ ಖಾಸಗಿ ಕಂಪನಿಯವರಿಗೆ ಕಂಪನಿ ಕೊಟ್ಟಷ್ಟು.

ಅದಕ್ಕೇ ಉಡುಗೊರೆ ಕೊಡೋ ದಿನ ಮುಖ್ಯ. ಮೊದಲ ವಾರ ಎಲ್ಲರೂ ಬರ್ತಾರೆ. ಕಷ್ಟ ಶುರುವಾಗೋದು ಅಪ್ಪನ ರಜೆ ಮುಗಿದ ಮರುದಿನ, ಇಲ್ಲಾ ಅಜ್ಜಿ ಊರಿಗೆ ಹೊರಟ ಮರುದಿನ. ಆ ತಾರೀಖು ಕೇಳಿಟ್ಟುಕೊಳ್ಳಿ. “ಏನಾದ್ರೂ ಬೇಕಿದ್ರೆ ಹೇಳು” ಅನ್ನಬೇಡಿ. ಏನು ಬೇಕು ಅಂತ ಯೋಚಿಸೋದೂ ಅವರಿಗೆ ಒಂದು ಕೆಲಸವೇ. “ಗುರುವಾರ ಏಳಕ್ಕೆ ರಾತ್ರಿ ಊಟ ತರ್ತೀನಿ, ಹೂಂ ಅನ್ನು ಸಾಕು” ಅನ್ನಿ.

ನಾವು ಎರಡನೇ ಸಲ ಹೋಗಿದ್ದು ಹೀಗೆ. ಅವನ ಅತ್ತೆ ಊರಿಗೆ ಹೋದ ಮರುದಿನ ಡಬ್ಬಿ ಒಯ್ಯೋದು ಅಂತಾಯ್ತು. ಏನು ಮಾಡೋದು ಅಂತ ಧಾರವಾಡಕ್ಕೆ ಅಮ್ಮನಿಗೆ ಫೋನ್ ಮಾಡಿ ಎಣ್ಣೆಗಾಯಿ ಅಂದೆ. “ಅಲ್ಲೋ ಮಾರಾಯಾ, ಬಾಣಂತಿ ಮನಿಗೆ ಬದನಿಕಾಯಿ ಒಯ್ತಾರೇನೋ?” ಪಥ್ಯ ಒಂದೊಂದು ಮನೆಯಲ್ಲಿ ಒಂದೊಂದು ಥರ. ಅದು ಸರಿಯೋ ತಪ್ಪೋ ಅಂತ ವಾದ ಮಾಡೋ ಹೊತ್ತು ಅದಲ್ಲ. ಏನು ಬೇಡ ಅನ್ನೋದನ್ನ ಗೆಳೆಯನ ಅತ್ತೆಗೇ ಫೋನ್ ಮಾಡಿ ಕೇಳಿದ್ವಿ, ಬಾಣಂತಿಗೆ ಆ ಪ್ರಶ್ನೆ ಹೋಗಲೇ ಇಲ್ಲ.

ಕೊನೆಗೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಅನ್ನ, ಹತ್ತು ಮೆತ್ತನೆ ಚಪಾತಿ. ಚಪಾತಿಯನ್ನ ಪಲ್ಯ ಹಾಕಿ ಸುರುಳಿ ಸುತ್ತಿ ಅರ್ಧಕ್ಕೆ ಕತ್ತರಿಸಿದ್ವಿ, ಯಾಕಂದ್ರೆ ಹಾಲು ಕುಡಿಸೋ ತಾಯಿಗೆ ಇರೋದು ಒಂದೇ ಕೈ. ಇದು ನನ್ನ ಹೆಂಡತಿಯ ಬುದ್ಧಿ. ಇನ್ನೊಂದು ಮಾತು: ಒಳ್ಳೆ ಸ್ಟೀಲ್ ಡಬ್ಬಿಯಲ್ಲಿ ಕೊಡಬೇಡಿ. ನಮ್ಮವರು ಖಾಲಿ ಡಬ್ಬಿ ವಾಪಸ್ ಕೊಡಲ್ಲ, ಒಂದು ಹಿಡಿ ಸಕ್ಕರೆಯಾದ್ರೂ ಹಾಕಿ ಕೊಡಬೇಕು ಅಂತ ಒದ್ದಾಡ್ತಾರೆ. ಹೋಟೆಲ್ ಪಾರ್ಸೆಲ್ ಡಬ್ಬಿ ತೊಳೆದಿಟ್ಟಿರ್ತೀರಲ್ಲ, ಅದರಲ್ಲಿ ಕೊಡಿ.

ಇದರ ಜೊತೆ ಬೇರೆಯೇ ಒಂದು ರಾತ್ರಿ ಡಬ್ಬಿ. ಹಾಲೂಡಿಸೋ ತಾಯಿಗೆ ರಾತ್ರಿ ಎರಡು-ಮೂರು ಗಂಟೆಗೆ ವಿಪರೀತ ಹಸಿವಾಗುತ್ತೆ, ಬಾಯಾರಿಕೆಯೂ ಆಗುತ್ತೆ. ಆಗ ಅಡುಗೆಮನೆಗೆ ಹೋಗಿ ದೀಪ ಹಾಕೋದೇ ಬೇಜಾರು. ಹಾಸಿಗೆ ಪಕ್ಕ ಒಂದು ಲೀಟರಿನ ಥರ್ಮಸ್, ಒಂದು ಡಬ್ಬಿ ಅಂಟಿನುಂಡೆ ಇದ್ರೆ ಸಾಕು. ನೂರು ಗ್ರಾಂ ಅಂಟಿಗೆ ಒಣಕೊಬ್ಬರಿ ತುರಿ, ಉತ್ತತ್ತಿ ಪುಡಿ, ಬೆಲ್ಲ ತಲಾ ಕಾಲು ಕೆಜಿ; ತುಪ್ಪ ಬೇಕಾದಷ್ಟು; ಮೂವತ್ತು ಸಣ್ಣ ಉಂಡೆ ಆಗ್ತವೆ. ಅಂಟನ್ನ ಸ್ವಲ್ಪ ಸ್ವಲ್ಪವೇ ತುಪ್ಪದಲ್ಲಿ ಹದ ಉರಿಯಲ್ಲಿ ಕರೀಬೇಕು. ಪಾಪ್‌ಕಾರ್ನ್ ಥರ ಅರಳುತ್ತೆ. ಉರಿ ಜಾಸ್ತಿಯಾದ್ರೆ ಹೊರಗೆ ಅರಳಿ ಒಳಗೆ ಕಲ್ಲು ಉಳಿಯುತ್ತೆ, ಆಮೇಲೆ ಹಲ್ಲಿಗೆ ಅಂಟ್ಕೊಳ್ಳುತ್ತೆ. ಒಂದನ್ನ ಬೆರಳಲ್ಲಿ ಒತ್ತಿ ನೋಡಿ, ಪೂರ್ತಿ ಪುಡಿಯಾದ್ರೆ ಬೆಂದಿದೆ. ಬೆಲ್ಲ ಕರಗಿ ನೊರೆ ಬಂದ ಕೂಡಲೇ ಇಳಿಸಿ. ಪಾಕ ಗಟ್ಟಿಯಾದ್ರೆ ಉಂಡೆ ಒಡೆಯೋಕೆ ಸುತ್ತಿಗೆ ಬೇಕಾಗುತ್ತೆ. ಮುಂಬೈ ಮಳೆಗಾಲದ ತೇವಕ್ಕೆ ಕೊಬ್ಬರಿ ಬೇಗ ಮುಗ್ಗಲಾಗುತ್ತೆ, ಅದಕ್ಕೆ ತುರಿಯನ್ನ ಚೆನ್ನಾಗಿ ಹುರಿದು, ಹತ್ತು-ಹದಿನೈದು ದಿನಕ್ಕಾಗೋಷ್ಟೇ ಮಾಡಿ. ಮಾಡೋಕೆ ಆಗಲ್ವಾ? ದಾದರ್, ಠಾಣೆಯ ಮರಾಠಿ ಅಂಗಡಿಗಳಲ್ಲಿ ಡಿಂಕಾಚೆ ಲಾಡು ಕೇಳಿ. ನಮ್ಮ ಅಂಟಿನುಂಡೆಯ ಅಕ್ಕನೇ ಅದು.

ಮುಟ್ಟಿಸೋದ್ರಲ್ಲೂ ಎಡವ್ತೀವಿ. ನಾನು ಸೊಸೈಟಿ ಗೇಟಿಗೆ ಹೋದೆ, ವಾಚ್‌ಮನ್ ಇಂಟರ್‌ಕಾಮ್ ಮಾಡಿದ, ಮಗು ಎದ್ದಿತು. ಗೇಟ್ ಆ್ಯಪಲ್ಲಿ ಮೊದಲೇ ಅನುಮತಿ ಹಾಕಿಸಿಕೊಳ್ಳಿ. ಬೆಲ್ ಒತ್ತಬೇಡಿ, ಬಾಗಿಲ ಹಿಡಿಗೆ ಚೀಲ ನೇತುಹಾಕಿ ಮೆಸೇಜ್ ಮಾಡಿ ಹೊರಟುಬಿಡಿ.

ಹತ್ತಿರದವರಾದ್ರೆ ಇದಕ್ಕಿಂತ ದೊಡ್ಡ ಉಡುಗೊರೆ ಒಂದಿದೆ, ಮೂರು ತಾಸು. ಒಂದು ಶನಿವಾರ ನನ್ನ ಹೆಂಡತಿ ಹಾಲು ಕುಡಿಸಿ ಮುಗಿಯೋ ಹೊತ್ತಿಗೇ ಸರಿಯಾಗಿ ಹೋದಳು. ಕೈ ತೊಳೆದು ಮಗುವನ್ನ ಎತ್ತಿಕೊಂಡು ಹಾಲ್‌ಗೆ ಬಂದಳು. ಗಂಡ-ಹೆಂಡತಿ ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಮಲಗಿದ್ರು. ಹಾಲು ಕುಡಿದು ಮುಗಿದಾಗಲೇ ಹೋದ್ರೆ ತೇಗಿಸೋ, ಮಲಗಿಸೋ ಹೊತ್ತೂ ಅವರ ನಿದ್ದೆಗೇ ಸೇರುತ್ತೆ, ಅದೇ ಗುಟ್ಟು. ಮೂರು ತಾಸು ಆಗಲೇಬೇಕು ಅಂತಿಲ್ಲ. ಮಗು ಬಾಯಿ ತೆರೆದು ಹುಡುಕೋಕೆ, ಕೈ ಚೀಪೋಕೆ ಶುರುಮಾಡಿದ್ರೆ ಹಸಿವು ಅಂತ ಅರ್ಥ, ತಾಯಿಯನ್ನ ಎಬ್ಬಿಸಿ. ಅವತ್ತು ಎರಡೂಕಾಲು ತಾಸು ಸಿಕ್ತು.

ಇಲ್ಲಿ ಹುಷಾರು ಬೇಕು. ನೆಗಡಿ, ಕೆಮ್ಮು ಇದ್ರೆ ಹೋಗಲೇಬೇಡಿ. ಮಗುವನ್ನ ಎದೆ ಮೇಲೆ ಹಾಕ್ಕೊಂಡು ಸೋಫಾದಲ್ಲಿ ನೀವು ತೂಕಡಿಸೋದು ಅಪಾಯ, ಮಗುವಿನ ಉಸಿರು ಕಟ್ಟಬಹುದು. ನಿದ್ದೆ ಬಂತು ಅನ್ನಿಸಿದ ಕೂಡಲೇ ಅದನ್ನ ದಿಂಬಿಲ್ಲದ ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ನೀವು ಪಕ್ಕದಲ್ಲೇ ಎಚ್ಚರವಾಗಿ ಕೂತಿರಿ.

ಆ ಹೊತ್ತಲ್ಲಿ ನನ್ನ ಹೆಂಡತಿ ವಾಷಿಂಗ್ ಮಷಿನ್ ಬಟ್ಟೆ ಒಣಹಾಕಿದಳು, ಸಿಂಕಲ್ಲಿದ್ದ ಪಾತ್ರೆ ತೊಳೆದಳು. ಗೆಳೆಯನ ಹೆಂಡತಿ ಎದ್ದು ಬಂದು “ಅಕ್ಕಾ, ಚಹಾ ಮಾಡ್ತೀನಿ ಇರಿ” ಅಂದಳಂತೆ. ಇವಳು ಮಗುವನ್ನ ಕೈಗಿಟ್ಟು, ಚಪ್ಪಲಿ ಹಾಕ್ಕೊಂಡು, 6:10ರ ಟ್ರೇನ್ ಹಿಡಿದಳು.